ಅಪ್‌ಡೇಟ್: ಪುಟ ಕಾಣೆಯಾದ ಪಾಠದ ಕ್ವಿಜ್

ನಾನು ಕೇಳಿದ್ದು: "ಜೀರ್ಣಕ್ರಿಯೆ ಪಾಠದ ಜೆರಾಕ್ಸ್‌ನಲ್ಲಿ ನಡುವಿನ 2 ಪುಟ ಇಲ್ಲ. ಇರೋ ಪುಟಗಳಿಂದಲೇ ಪ್ರಶ್ನೆ ತೆಗೆಯೋದು ಹೇಗೆ?"

ನೀವು ಹೇಳಿದ ಹಾಗೆ ಪ್ರತಿ ಪ್ರಶ್ನೆ ಪಕ್ಕ ಉತ್ತರದ ಪುಟ, ಸಾಲು ಬರೆದೆ. 20ರಲ್ಲಿ 6ಕ್ಕೆ ಸಾಲೇ ಸಿಗಲಿಲ್ಲ! "ಪಿತ್ತರಸದ ಕೆಲಸವೇನು?" ಅನ್ನೋದು ಅದರಲ್ಲೊಂದು. ನಮ್ಮ ಪುಟ "ಯಕೃತ್ತು ಪಿತ್ತರಸವನ್ನು ಸ್ರವಿಸುತ್ತದೆ, ಇದು" ಅನ್ನುವಲ್ಲಿಗೇ ನಿಂತಿದೆ. ಕೊಬ್ಬು ಜೀರ್ಣವಾಗಲು ಅದು ನೆರವಾಗುತ್ತೆ ಅಂತ ನನಗೆ ಮೊದಲೇ ಗೊತ್ತಿದ್ದರಿಂದ, ಪುಟದಲ್ಲಿ ಓದಿದೆ ಅಂತಲೇ ಅಂದುಕೊಂಡಿದ್ದೆ. ಈಗ "ಪಿತ್ತರಸ ಸ್ರವಿಸುವ ಅಂಗ ಯಾವುದು?" ಅಂತ ಬದಲಾಯಿಸಿದೆ.

ಇನ್ನೊಂದು ಜಾಸ್ತಿ ಕಾಡಿತು. "ಇವುಗಳಲ್ಲಿ ಯಾವುದು ಜೀರ್ಣಗ್ರಂಥಿ ಅಲ್ಲ?" ಅಂತ ಕೇಳಿ, ಆಯ್ಕೆಗಳಲ್ಲಿ ಮೇದೋಜೀರಕ ಗ್ರಂಥಿಯನ್ನೂ ಹಾಕಿದ್ದೆ. ಅದರ ವಿಷಯ ಇರೋದು ಕಾಣೆಯಾದ ಪುಟದಲ್ಲಿ, ಹಾಗಾಗಿ ಇರೋ ಪುಟ ಚೆನ್ನಾಗಿ ಓದಿದ ಮಗುವೇ ಅದಕ್ಕೆ ಟಿಕ್ ಹಾಕಿ ತಪ್ಪುತ್ತೆ, ಅನ್ಯಾಯ ಅಲ್ವಾ? ಪಟ್ಟಿ ಅರ್ಧಕ್ಕೆ ನಿಂತ ಕಡೆ "ಯಾವುದು ಅಲ್ಲ", "ಎಷ್ಟು ಬಗೆ" ಅನ್ನೋ ಪ್ರಶ್ನೆಗಳನ್ನೆಲ್ಲ ತೆಗೆದುಬಿಟ್ಟೆ.

ಕೊನೆಗೆ ಕಾಮರ್ಸ್ ಓದಿದ ತಂಗಿಗೆ ಕೊಟ್ಟು, ಉತ್ತರದ ಸಾಲಿನ ಮೇಲೆ ಬೆರಳಿಡು ಅಂದೆ. ಒಂದು ಪ್ರಶ್ನೆಗೆ ಬೆರಳಿಡೋಕೆ ಅವಳಿಗೆ ಸಾಲೇ ಸಿಗಲಿಲ್ಲ, ಅದನ್ನೂ ತೆಗೆದೆ. ಉಳಿದ 15 ಪ್ರಶ್ನೆ ನಾಳೆ ಚಿಂತಾಮಣಿಯ ನಮ್ಮ ಟ್ಯೂಷನ್ ಮಕ್ಕಳಿಗೆ.