ಒಂದೇ ಪ್ರಬಂಧಕ್ಕೆ ಒಂದು ಡಿಟೆಕ್ಟರ್ 84%, ಇನ್ನೊಂದು 12%: ಯಾವುದನ್ನು ನಂಬೋದು?

ಪ್ರಬಂಧಪೆಟ್ಟಿಗೆ
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ವಿದ್ಯಾರ್ಥಿಗಳ ವಿಜ್ಞಾನ ಪ್ರಬಂಧ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರ್ತಿ. ಒಟ್ಟು 140 ಪ್ರಬಂಧ ಬಂದಿವೆ. ಅದರಲ್ಲಿ ತುಂಬಾ ಚೆನ್ನಾಗಿದ್ದ ಒಂದನ್ನು ಎಐ ಡಿಟೆಕ್ಟರ್‌ಗೆ ಹಾಕಿದೆ. 84% ಬಂತು. ಮನಸ್ಸು ಒಪ್ಪದೆ ಇನ್ನೊಂದು ಸೈಟಿಗೆ ಹಾಕಿದೆ. ಅಲ್ಲಿ 12%! ಬ್ರೌಸರ್ ಬದಲಿಸಿದೆ, ಮತ್ತೆ ಹಾಕಿದೆ, ಅದೇ ಕಥೆ. 84% ಅಂದ್ರೆ ಹುಡುಗಿ ಎಐ ಕೈಲಿ ಬರೆಸಿರುವ ಸಾಧ್ಯತೆ ನೂರಕ್ಕೆ 84, ಅಲ್ವಾ? ಯಾವ ಸೈಟ್ ಕೆಟ್ಟಿದೆ ಹೇಳಿ. ನಾಳಿದ್ದು ಸಮಿತಿಯ ಸಭೆ ಇದೆ. ಅವಳನ್ನು ತೆಗೆದು ಹಾಕಬೇಕು ಅಂತ ಒಬ್ಬರು ಆಗಲೇ ಹೇಳುತ್ತಿದ್ದಾರೆ.

ಲೋಕಲ್‌ಮಾಡೆಲ್
ಎರಡೂ ಸೈಟ್ ಬಿಡಿ ಮೇಡಂ. ಎಲ್ಲದರ ಒಳಗೂ ಇರೋದು ಪರ್ಪ್ಲೆಕ್ಸಿಟಿ ಒಂದೇ. ಮುಂದಿನ ಪದವನ್ನು ಮಾಡೆಲ್ ಸುಲಭವಾಗಿ ಊಹಿಸಿದರೆ ಪರ್ಪ್ಲೆಕ್ಸಿಟಿ ಕಡಿಮೆ. ಕಡಿಮೆ ಬಂದರೆ ಎಐ ಬರೆದದ್ದು. ನನ್ನ ಮೆಷೀನಿನಲ್ಲಿ ಜಿಪಿಟಿ-2 ಅನ್ನೋ ಹಳೆಯ ಭಾಷಾ ಮಾಡೆಲ್ ಹಾಕಿಕೊಂಡಿದ್ದೇನೆ. ಎರಡು ಸಾಲಿನ ಕೆಲಸ:

```
loss = model(ids, labels=ids).loss
ppl = torch.exp(loss)
```

20ಕ್ಕಿಂತ ಕಡಿಮೆ ಇದ್ದರೆ ನಾನು ನೇರವಾಗಿ ಎಐ ಅಂತಲೇ ಹೇಳುತ್ತೇನೆ. ಪ್ರಬಂಧ ಕಳಿಸಿ, ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತೇನೆ.

ಥೀಸಿಸ್‌ಮುಗಿಸಿದೆ
ಮೇಡಂ, ಭಯ ಬೀಳಬೇಡಿ. ನನ್ನ ಥೀಸಿಸ್‌ಗೂ ಮೊದಲು 23% ಬಂದಿತ್ತು. ಗ್ರಂಥಸೂಚಿ ಮತ್ತು ಉದ್ಧರಣೆಗಳನ್ನು ಬಿಟ್ಟು ಮತ್ತೆ ನೋಡಿದಾಗ 6%ಗೆ ಇಳಿಯಿತು. ಗೈಡ್ ಸಹಿ ಹಾಕಿದರು. ನೀವೂ ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಮಾಡಿ.

ಅಳತೆಗೋಲು
ಥೀಸಿಸ್ ಅವರೇ, ನೀವು ಹೇಳುತ್ತಿರುವುದು ಹೋಲಿಕೆಯ ಸ್ಕೋರ್. ಅದೇ ಬೇರೆ, ಇದೇ ಬೇರೆ. ಅಲ್ಲಿ 23% ಅಂದರೆ ನಿಮ್ಮ ಪಠ್ಯದ ಅಷ್ಟು ಭಾಗ ಬೇರೆ ಕಡೆ ಇರುವ ಪಠ್ಯಕ್ಕೆ ಹೊಂದುತ್ತದೆ ಎಂದರ್ಥ. ಮೂಲವನ್ನು ತೆರೆದು, ಎರಡನ್ನೂ ಅಕ್ಕಪಕ್ಕ ಇಟ್ಟು, ಕಣ್ಣಾರೆ ನೋಡಬಹುದು. ಎಐ ಸ್ಕೋರ್‌ಗೆ ಹಾಗೆ ತೆರೆದು ನೋಡಲು ಮೂಲವೇ ಇಲ್ಲ. ಅದು ಬರಹದ ಧಾಟಿ ನೋಡಿ ಮಾಡಿದ ಊಹೆ.

ಪ್ರಬಂಧಪೆಟ್ಟಿಗೆ ಅವರೇ, ಯಾವ ಸೈಟ್ ಸರಿ ಅನ್ನುವ ಮೊದಲು ಮೂರು ವಿಷಯ ಹೇಳಿ. ಆ ಸಂಖ್ಯೆಯ ಕೆಳಗೆ ಚಿಕ್ಕ ಅಕ್ಷರದಲ್ಲಿ ಏನಂತ ಬರೆದಿದೆ, ಎರಡೂ ಕಡೆ? ಪ್ರಬಂಧದಲ್ಲಿ ಎಷ್ಟು ಪದ ಇದೆ? ಯಾವ ಭಾಷೆಯಲ್ಲಿದೆ?

ಲೋಕಲ್‌ಮಾಡೆಲ್
ಭಾಷೆ ಯಾವುದಾದರೇನು ಸರ್? ಪರ್ಪ್ಲೆಕ್ಸಿಟಿ ಗಣಿತ. ಗಣಿತಕ್ಕೆ ಭಾಷೆ ಇಲ್ಲ. ನನ್ನ ಹತ್ತಿರ 24 ಜಿಬಿ ಗ್ರಾಫಿಕ್ಸ್ ಕಾರ್ಡ್ ಎರಡಿವೆ, ಸಾಕಷ್ಟು ದೊಡ್ಡ ಮಾಡೆಲ್ ಕೂಡ ಓಡುತ್ತದೆ. ಹಿಂದಿನ ವಾರ ತಾನೇ ಹೊಸ ಪವರ್ ಸಪ್ಲೈ ಹಾಕಿದೆ. ಈಗ ಎರಡೂ ಕಾರ್ಡ್ ಪೂರ್ತಿ ಲೋಡ್‌ನಲ್ಲಿದ್ದರೂ ಫ್ಯಾನ್ ಸದ್ದೇ ಇಲ್ಲ.

ಚಳಿಗಾಲದಕಾರ್ಡ್
ಯಾವ ಪವರ್ ಸಪ್ಲೈ? ನನ್ನದು ಲೋಡ್ ಏರಿದ ಕೂಡಲೇ ರೀಸ್ಟಾರ್ಟ್ ಆಗುತ್ತಿದೆ.

ಅಳತೆಗೋಲು
ಪವರ್ ಸಪ್ಲೈಗೆ ಬೇರೆ ಥ್ರೆಡ್ ತೆರೆಯಿರಿ ದಯವಿಟ್ಟು. ಇಲ್ಲಿ ಒಬ್ಬ ಹುಡುಗಿಯ ಬಹುಮಾನದ ಮಾತು ನಡೀತಿದೆ.

ಲೋಕಲ್ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಪರ್ಪ್ಲೆಕ್ಸಿಟಿ ಒಂದು ಸುಳಿವು. ಆದರೆ ಅದು ಕಡಿಮೆ ಆಗಲು ಕಾರಣ ಹಲವು ಇರಬಹುದು. ಅಮೆರಿಕದ ಸಂವಿಧಾನವನ್ನು ಎಐ ಬರೆದದ್ದು ಅಂತ ಡಿಟೆಕ್ಟರ್ ತೋರಿಸಿದ ಸುದ್ದಿ 2023ರಲ್ಲಿ ಬಂದಿತ್ತು. ಮಾಡೆಲ್‌ಗಳು ಆ ಪಠ್ಯವನ್ನು ಎಷ್ಟೋ ಸಲ ಓದಿವೆ. ಹಾಗಾಗಿ ಪ್ರತಿ ಪದವನ್ನೂ ಸುಲಭವಾಗಿ ಊಹಿಸುತ್ತವೆ.

ಇನ್ನು ಭಾಷೆ ಯಾವುದಾದರೇನು ಅಂದಿರಿ. ನಿಮ್ಮ ಜಿಪಿಟಿ-2ಗೆ ಕನ್ನಡ ಹಾಕಿ ನೋಡಿ. ಪಠ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಮಾಡುವ ಅದರ ಟೋಕನೈಸರ್ ಕನ್ನಡ ಅಕ್ಷರವನ್ನು ಬೈಟ್‌ಗಳಾಗಿ ಒಡೆಯುತ್ತದೆ. 'ಕ' ಅಂದರೆ `E0 B2 95`. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ `E0`, ಎರಡನೆಯದು `B2` ಇಲ್ಲವೇ `B3`. ಅದನ್ನು ಊಹಿಸೋದು ಏನು ಕಷ್ಟ? ಟೋಕನ್ ಲೆಕ್ಕದಲ್ಲಿ ಪರ್ಪ್ಲೆಕ್ಸಿಟಿ ತಾನಾಗಿಯೇ ಕುಸಿಯುತ್ತದೆ. ನಿಮ್ಮ 20ರ ಗೆರೆ ಅಲ್ಲಿ ಏನೂ ಹೇಳುವುದಿಲ್ಲ.

ಪ್ರಬಂಧಪೆಟ್ಟಿಗೆ
ಈಗ ಕೂತು ನೋಡಿದೆ ಸರ್. ಮೊದಲ ಸೈಟ್‌ನಲ್ಲಿ 84% ಕೆಳಗೆ 'ಪರಿಶೀಲಿಸಿದ ಪಠ್ಯದಲ್ಲಿ ಎಐ ರಚಿಸಿರಬಹುದಾದ ಭಾಗ' ಅನ್ನುವ ಅರ್ಥದ ಸಾಲಿದೆ. ಅದರ ಪಕ್ಕದಲ್ಲಿ 310 ಪದ ಅಂತಿದೆ. ಪ್ರಬಂಧ 640 ಪದ ಇದೆ. ಕೋಷ್ಟಕ, ಸಾಮಾನಿನ ಪಟ್ಟಿ, ಚಿಕ್ಕ ಚಿಕ್ಕ ಸಾಲುಗಳನ್ನು ಬಿಟ್ಟಿರಬೇಕು. ಎರಡನೇ ಸೈಟ್‌ನಲ್ಲಿ 12% ಕೆಳಗೆ 'ಈ ದಾಖಲೆ ಎಐ ಬರೆದಿರುವ ಸಂಭವ' ಅಂತಿದೆ.

ಅಳತೆಗೋಲು
ನೋಡಿ, ಗಂಟು ಅಲ್ಲೇ ಇರೋದು. ಮೊದಲನೆಯದು ಪಾಲು, ಎರಡನೆಯದು ಸಂಭವ. 310ರಲ್ಲಿ 84% ಅಂದರೆ ಸುಮಾರು 260 ಪದ. 640 ಪದದ ಇಡೀ ಪ್ರಬಂಧಕ್ಕೆ ಹೋಲಿಸಿದರೆ ಅದು 41% ಮಾತ್ರ. ಉಳಿದ 330 ಪದಗಳ ಬಗ್ಗೆ ಆ ಸೈಟ್ ಏನೂ ಹೇಳಿಲ್ಲ. 'ಪಾಲು 84' ಮತ್ತು 'ಸಂಭವ 12' ಒಂದೇ ತಕ್ಕಡಿಗೆ ಬರುವುದಿಲ್ಲ. ಎರಡರಲ್ಲಿ ಒಂದು ಕೆಟ್ಟಿದೆ ಅಂತ ಇದರಿಂದ ಹೇಳಲಾಗದು.

ಆ 260 ಪದ ಕೂಡ ಸಾಬೀತಾದದ್ದಲ್ಲ. ಆ ಸಾಲುಗಳ ಧಾಟಿ ತನಗೆ ಎಐನಂತೆ ಕಂಡಿದೆ ಅಂತ ಸೈಟ್ ಹೇಳುತ್ತಿದೆ, ಅಷ್ಟೇ. ಟರ್ನಿಟಿನ್‌ನಂಥ ದೊಡ್ಡ ಸಾಧನವೇ 1ರಿಂದ 19%ವರೆಗಿನ ಸ್ಕೋರ್‌ಗೆ ಸಂಖ್ಯೆ ಕೊಡದೆ ನಕ್ಷತ್ರ ಚಿಹ್ನೆ ಹಾಕುತ್ತದೆ. ಆ ಮಟ್ಟದಲ್ಲಿ ತಪ್ಪು ಜಾಸ್ತಿ ಅಂತ ಅವರೇ ಹೇಳುತ್ತಾರೆ. ಓಪನ್‌ಎಐ ತನ್ನದೇ ಡಿಟೆಕ್ಟರನ್ನು 2023ರ ಜನವರಿಯಲ್ಲಿ ಬಿಟ್ಟು, ನಿಖರತೆ ಸಾಲದು ಎಂದು ಅದೇ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅವರೇ ಕೊಟ್ಟ ಲೆಕ್ಕದಲ್ಲಿ ಎಐ ಬರಹದ 26% ಮಾತ್ರ ಸಿಕ್ಕಿಬೀಳುತ್ತಿತ್ತು. ಮನುಷ್ಯರ ಬರಹದಲ್ಲಿ 9% ತಪ್ಪಾಗಿ ಸಿಕ್ಕಿಬೀಳುತ್ತಿತ್ತು.

ಭಾಷೆ ಯಾವುದು ಅಂತ ನೀವಿನ್ನೂ ಹೇಳಿಲ್ಲ.

ಪ್ರಬಂಧಪೆಟ್ಟಿಗೆ
ಕನ್ನಡವೇ ಸರ್, ಅದು ಗೊತ್ತಿರೋದೇ ಅಂತ ಹೇಳಲಿಲ್ಲ. ಆ ಸೈಟ್‌ಗಳು ಕನ್ನಡ ತಗೊಳ್ಳೋದಿಲ್ಲ. ಅದಕ್ಕೆ ಅನುವಾದದ ಆ್ಯಪ್‌ನಲ್ಲಿ ಇಂಗ್ಲಿಷ್‌ಗೆ ತಿರುಗಿಸಿ ಹಾಕಿದೆ.

ಅಳತೆಗೋಲು
ಅಯ್ಯೋ. ಇದನ್ನು ಮೊದಲ ಪೋಸ್ಟಿನಲ್ಲೇ ಹೇಳಬೇಕಿತ್ತು! ಡಿಟೆಕ್ಟರ್ ಓದಿದ್ದು ಹುಡುಗಿಯ ಬರಹವನ್ನಲ್ಲ. ಅದರ ಮುಂದೆ ಇದ್ದ ಪ್ರತಿಯೊಂದು ಇಂಗ್ಲಿಷ್ ಪದವನ್ನೂ ಆರಿಸಿದ್ದು ಅನುವಾದದ ಯಂತ್ರ. ಯಂತ್ರದ ಇಂಗ್ಲಿಷ್ ಯಂತ್ರದಂತೆ ಕಂಡರೆ ಅವಳದೇನು ತಪ್ಪು?

ಇದನ್ನು ನೀವೇ ಪರೀಕ್ಷಿಸಬಹುದು. ನಿಮ್ಮ ಸ್ಪರ್ಧೆಯ ಹಳೆಯ ಪ್ರಬಂಧಗಳು ಇವೆಯಾ? ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದಕ್ಕಿಂತ ಮೂರ್ನಾಲ್ಕು ವರ್ಷ ಹಿಂದಿನವು ಬೇಕು. ಹತ್ತನ್ನು ತೆಗೆದುಕೊಳ್ಳಿ. ಚೆನ್ನಾಗಿರುವುದನ್ನೇ ಆರಿಸಬೇಡಿ, ಕಡತದಲ್ಲಿ ಮೊದಲು ಸಿಕ್ಕಿದ ಹತ್ತು ಸಾಕು. ಅದೇ ಆ್ಯಪ್‌ನಲ್ಲಿ ತಿರುಗಿಸಿ, ಅದೇ ಸೈಟ್‌ಗೆ ಹಾಕಿ.

ಲೋಕಲ್‌ಮಾಡೆಲ್
ಅನುವಾದ ಅಂತ ಮೊದಲೇ ಹೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೂ ಅನುವಾದ ಬೇಡದ ಇಂಗ್ಲಿಷ್ ಬರಹಕ್ಕೆ ನನ್ನ ಲೆಕ್ಕ ಸರಿಯಾಗಿಯೇ ಇದೆ.

ಅಳತೆಗೋಲು
ಅಲ್ಲೂ ಜೋಪಾನ. 2023ರ ಒಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು 7 ಡಿಟೆಕ್ಟರ್‌ಗಳಿಗೆ ಹಾಕಿದ್ದರು. ಸರಾಸರಿ 61%ಗಿಂತ ಜಾಸ್ತಿ ಪ್ರಬಂಧಗಳು ಎಐ ಅಂತ ಬಂದವು. ಕಲಿತ ಭಾಷೆಯಲ್ಲಿ ಬರೆಯುವವರು ಪರಿಚಿತ ಪದಗಳನ್ನೇ ಬಳಸುತ್ತಾರೆ. ಪರಿಚಿತ ಪದವನ್ನು ಊಹಿಸುವುದು ಸುಲಭ. ನಿಮ್ಮ 20ರ ಗೆರೆ ಅವರನ್ನೇ ಮೊದಲು ಹಿಡಿಯುತ್ತದೆ.

ಪ್ರಬಂಧಪೆಟ್ಟಿಗೆ
ಹಾಕಿದೆ ಸರ್. 2019ರ ಹತ್ತು ಪ್ರಬಂಧ, ಕೈಬರಹದವು. ನಾನೇ ಕೂತು ಟೈಪ್ ಮಾಡಿ, ತಿರುಗಿಸಿ, ಮೊದಲ ಸೈಟ್‌ಗೆ ಹಾಕಿದೆ. ಆರು ಪ್ರಬಂಧಗಳಿಗೆ 50%ಗಿಂತ ಮೇಲೆ ಬಂತು. ಒಂದಕ್ಕೆ 91%. ಅದನ್ನು ಬರೆದ ಹುಡುಗ ಆಗ ಒಂಬತ್ತನೇ ತರಗತಿ. ಕಾಗದದ ಮೇಲೆ ಶಾಯಿ ಚೆಲ್ಲಿದ ಕಲೆ ಇನ್ನೂ ಇದೆ. ಕೈ ನಡುಗಿತು ನೋಡಿ.

ಥೀಸಿಸ್‌ಮುಗಿಸಿದೆ
ಹಾಗಾದರೆ ಒಳ್ಳೇ ಡಿಟೆಕ್ಟರ್ ತಗೊಂಡರೆ ಆಯ್ತಲ್ಲ? ನೂರಕ್ಕೆ ಐದು ಮಾತ್ರ ತಪ್ಪಾಗುವಂಥದ್ದು. ಅದು ಎಐ ಅಂದರೆ 95% ಖಾತ್ರಿ.

ಅಳತೆಗೋಲು
ಅದೂ ಹಾಗಲ್ಲ. ಇದೇ 140 ಪ್ರಬಂಧ ಇಟ್ಟುಕೊಳ್ಳಿ. 14 ಮಂದಿ ಎಐ ಬಳಸಿದ್ದಾರೆ, 126 ಮಂದಿ ತಾವೇ ಬರೆದಿದ್ದಾರೆ ಅಂತ ಸುಮ್ನೆ ಲೆಕ್ಕಕ್ಕೆ ಅಂದುಕೊಳ್ಳಿ. ಡಿಟೆಕ್ಟರ್ ಆ 14ರಲ್ಲಿ 10 ಜನರನ್ನು ಹಿಡಿಯಿತು. ತಾವೇ ಬರೆದವರಲ್ಲಿ ನೂರಕ್ಕೆ ಐದು ತಪ್ಪು ಅಂದರೆ ಸುಮಾರು 6 ಜನ. ಒಟ್ಟು 16 ಜನ ಸಿಕ್ಕಿಬಿದ್ದರು, ಅದರಲ್ಲಿ 6 ಜನ ಏನೂ ಮಾಡದವರು. ಎಲ್ಲಿಯ 95% ಖಾತ್ರಿ? ಎಐ ಬಳಸಿದವರು ಕಡಿಮೆ ಇದ್ದಷ್ಟೂ, ಸಿಕ್ಕಿಬಿದ್ದವರಲ್ಲಿ ನಿರಪರಾಧಿಗಳ ಪಾಲು ಏರುತ್ತದೆ. ಆ ಸಂಖ್ಯೆ ಡಿಟೆಕ್ಟರ್‌ನ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಮೇಡಂ ಅವರ ಅನುವಾದದ ದಾರಿಯಲ್ಲಿ ತಪ್ಪು ಹತ್ತಕ್ಕೆ ಆರು ಇರಬಹುದು. ಹತ್ತೇ ಪ್ರಬಂಧ ನೋಡಿದ್ದು, ಅದಕ್ಕೆ ಆ ಆರನ್ನು ಗಟ್ಟಿ ಅಂತ ಹಿಡಿಯಬೇಡಿ. ಆದರೂ ಅದೇ ಲೆಕ್ಕ ಹಾಕಿದರೆ 126ರಲ್ಲಿ ಸುಮಾರು 76 ಜನ ತಪ್ಪಾಗಿ ಸಿಕ್ಕಿಬೀಳುತ್ತಾರೆ.

ಲೋಕಲ್‌ಮಾಡೆಲ್
ಹಾಗಾದರೆ ಕಡಿಮೆ ಸ್ಕೋರ್ ಬಂದವರೆಲ್ಲ ಪ್ರಾಮಾಣಿಕರು ಅಂತ ಬಿಟ್ಟುಬಿಡೋದಾ? ಎಐ ಬರೆದದ್ದನ್ನು ಅಲ್ಲಲ್ಲಿ ತಿದ್ದಿದರೆ ಸ್ಕೋರ್ ಇಳಿಯುತ್ತದೆ. ನಾನೇ ಮಾಡಿ ನೋಡಿದ್ದೇನೆ.

ಅಳತೆಗೋಲು
ಈ ಮಾತು ಪೂರ್ತಿ ಒಪ್ಪುತ್ತೇನೆ. 12% ಕೂಡ ನಿರಪರಾಧದ ಪುರಾವೆ ಅಲ್ಲ. ಯಾರು ಬರೆದರು ಅಂತ ತಿಳಿಯಬೇಕಾದರೆ ಬರೆದ ದಾರಿ ನೋಡಬೇಕು. ಕಚ್ಚಾ ಪ್ರತಿ, ಟಿಪ್ಪಣಿ, ಫೈಲಿನ ಹಳೆಯ ಆವೃತ್ತಿಗಳು, ಎದುರಿಗೆ ಕೂರಿಸಿ ಹತ್ತು ನಿಮಿಷದ ಮಾತು.

ಲೋಕಲ್‌ಮಾಡೆಲ್
ಆವೃತ್ತಿಗಳನ್ನೂ ಸೃಷ್ಟಿಸಬಹುದು ಸರ್. ಪಕ್ಕದಲ್ಲಿ ಎಐ ಉತ್ತರ ಇಟ್ಟುಕೊಂಡು ನಿಧಾನಕ್ಕೆ ಟೈಪ್ ಮಾಡಿದರೆ ಆಯ್ತು.

ಅಳತೆಗೋಲು
ಮಾಡಬಹುದು. ಅದಕ್ಕೇ ಯಾವುದೋ ಒಂದನ್ನೇ ನೆಚ್ಚಿಕೊಳ್ಳಬಾರದು ಅನ್ನೋದು.

ಪ್ರಬಂಧಪೆಟ್ಟಿಗೆ
ಸಭೆ ಮುಗಿಯಿತು. ಹುಡುಗಿಯನ್ನು ಕರೆಸಿದ್ದೆವು. ವಿಷಯ ನೀರು ಆವಿಯಾಗುವ ವೇಗ: ಅಗಲ ತಟ್ಟೆ, ಕಿರಿದಾದ ಲೋಟ, ಎರಡು ಗಂಟೆಗೊಮ್ಮೆ ಅಳತೆ. ನೋಟ್‌ಬುಕ್ ತಂದಿದ್ದಳು. ಮೂರನೇ ಅಳತೆಯನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಫ್ಯಾನ್ ಆನ್ ಇತ್ತು' ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಳು. ಪ್ರಬಂಧದಲ್ಲಿ ಆ ಅಳತೆ ಯಾಕಿಲ್ಲ ಅಂತ ಕೇಳಿದೆ. ಕೇಳಿ ಮುಗಿಸುವ ಮೊದಲೇ ಉತ್ತರ ಹೇಳಿದಳು. ನನಗೆ ಅಷ್ಟು ಸಾಕಾಯಿತು.

ಸಮಿತಿಯ ಒಬ್ಬರಿಗೆ ಸಾಕಾಗಿಲ್ಲ. ಪ್ರಯೋಗ ಅವಳದೇ ಇರಬಹುದು, ಬರಹ ಅವಳದು ಅಂತ ಹೇಗೆ ಹೇಳುತ್ತೀರಿ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಬಹುಮಾನದ ಪಟ್ಟಿಯಲ್ಲಿ ಅವಳ ಹೆಸರು ಉಳಿದಿದೆ. ಆದರೆ ಅಂಕದ ಶೀಟ್‌ನಲ್ಲಿ ಅವಳ ಹೆಸರಿನ ಮುಂದೆ ಆ 84 ಇನ್ನೂ ಹಾಗೇ ಇದೆ. ಆ ಕಾಲಂ ತೆಗೆಯಿರಿ ಅಂತ 2019ರ ಹತ್ತು ಪ್ರಬಂಧಗಳ ಫಲಿತಾಂಶದ ಜೊತೆ ಬರೆದು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಚಳಿಗಾಲದಕಾರ್ಡ್
ಲೋಕಲ್ ಅವರೇ, ಆ ಪವರ್ ಸಪ್ಲೈ ಎಷ್ಟು ವ್ಯಾಟ್‌ದು ಅಂತ ಹೇಳಲೇ ಇಲ್ಲ.