ಬೆಂಗಳೂರು ಪಾಲು ಇಳಿದರೆ ಕನ್ನಡ ಬಿಡಬೇಕಾ?

ಮಡಿಕೇರಿ ಹೋಂಸ್ಟೇ: ಮೇಡಂ, ಇನ್‌ಸ್ಟಾಗ್ರಾಮ್‌ನಲ್ಲಿ ಮೇ ಕೊನೆಗೆ 2,000 ಫಾಲೋವರ್ಸ್ ಇದ್ದರು, ಬೆಂಗಳೂರಿನವರು ಶೇ 40. ಜೂನ್ ಕೊನೆಗೆ 3,200 ಆದರು, ಬೆಂಗಳೂರು ಶೇ 30. ಹೈದರಾಬಾದ್ ಶೇ 4 ಇದ್ದದ್ದು 20 ಆಗಿದೆ. 18–24 ವಯಸ್ಸಿನವರೂ ಜಾಸ್ತಿ. ಇನ್ನು ಇಂಗ್ಲಿಷಲ್ಲೇ ಬರೆಯಲಾ?

ಮಾರ್ಕೆಟಿಂಗ್ ಮೇಡಂ: ಶೇಕಡಾ ಬಿಟ್ಟು ತಲೆ ಎಣಿಸಿ. ಬೆಂಗಳೂರಿನವರು 800 ಇದ್ದರು, ಈಗ 960. ಯಾರೂ ಓಡಿಹೋಗಿಲ್ಲ. ಹೈದರಾಬಾದ್ 80ರಿಂದ 640ಕ್ಕೆ ಹೋಗಿದೆ. ಯಾವ ರೀಲ್ ಓಡಿತು?

ಮಡಿಕೇರಿ ಹೋಂಸ್ಟೇ: ಅಬ್ಬಿ ಫಾಲ್ಸ್ ಮಂಜಿನದು.

ಮಾರ್ಕೆಟಿಂಗ್ ಮೇಡಂ: ಹಾಗಾದರೆ ಅವರು ಫಾಲ್ಸ್ ನೋಡೋಕೆ ಬಂದವರು, ರೂಮಿಗಲ್ಲ. ರೂಮ್ ಕೇಳಿ ಮೆಸೇಜ್ ಮಾಡುವವರ ಊರು, ಭಾಷೆ, ವಯಸ್ಸು ಅಂದಾಜಾಗಿ ಬೇರೆ ಪುಸ್ತಕದಲ್ಲಿ ಬರೆದಿಡಿ. ಆಪ್ ತೋರಿಸುವ ಇನ್‌ಸೈಟ್ಸ್ ಲೆಕ್ಕದಲ್ಲಿ ಊರು ಕಾಣುತ್ತೆ, ಆಡುವ ಭಾಷೆ ಕಾಣಲ್ಲ. ಬೆಂಗಳೂರಿನವರೆಲ್ಲ ಕನ್ನಡ ಓದುತ್ತಾರಾ? ಒಂದು ತಿಂಗಳು ಒಂದೇ ಹೊತ್ತಿಗೆ, ಒಂದೇ ಥರದ ಫೋಟೊ ಹಾಕಿ. ಒಂದಕ್ಕೆ ಕನ್ನಡ, ಇನ್ನೊಂದಕ್ಕೆ ಇಂಗ್ಲಿಷ್. ಲೈಕ್ ನೋಡಬೇಡಿ, ಸೇವ್ ಮತ್ತು ಮೆಸೇಜ್ ನೋಡಿ. ಹೊತ್ತನ್ನೂ ಭಾಷೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ತಿಂಗಳ ಕೊನೆಗೆ ಸ್ಕ್ರೀನ್‌ಶಾಟ್ ಇಡಿ, ಇಲ್ಲಾಂದ್ರೆ ಹೋದ ತಿಂಗಳ ಊರು-ವಯಸ್ಸಿನ ಪಾಲು ಆಮೇಲೆ ಆಪಲ್ಲಿ ಸಿಗಲ್ಲ.

ಕುಶಾಲನಗರ ಬೇಕರಿ: ಮೇಡಂ, ಸಂಜೆ 7ಕ್ಕೆ ಹಾಕಿದ್ರೆ ವೈರಲ್ ಅಂತ ಫಾರ್ವರ್ಡ್ ಬಂದಿದೆ. ಹೌದಾ?

ಮಾರ್ಕೆಟಿಂಗ್ ಮೇಡಂ: ಇಲ್ಲ. ನಿಮ್ಮ ಪೇಜಿನ ಹೊತ್ತು ನಿಮ್ಮ ಇನ್‌ಸೈಟ್ಸ್‌ನಲ್ಲೇ ಇದೆ. ಅದೂ ಜನ ಆಪ್ ತೆರೆಯುವ ಹೊತ್ತು, ಬನ್ ಕೊಳ್ಳುವ ಹೊತ್ತಲ್ಲ. ಫಾರ್ವರ್ಡ್ ಕಳಿಸಿದವರಿಗೆ ನಿಮ್ಮ ಗಿರಾಕಿ ಗೊತ್ತಾ?

ವಿರಾಜಪೇಟೆ ಕಾಫಿ ಪುಡಿ: ನನ್ನದು 80 ಫಾಲೋವರ್ಸ್. ವಯಸ್ಸೇ ತೋರಿಸ್ತಿಲ್ಲ, ಆಪ್ ಕೆಟ್ಟಿದೆ.

ಮಾರ್ಕೆಟಿಂಗ್ ಮೇಡಂ: 100 ದಾಟಲಿ, ತೋರಿಸುತ್ತೆ.

ಪೊನ್ನಂಪೇಟೆ ಜೇನು: ವಯಸ್ಸು ನೋಡಿದ್ರೆ ಸಾಕು ಅಕ್ಕ. 45 ದಾಟಿದವರಿಗೆ ಕನ್ನಡ, ಹುಡುಗರಿಗೆ ಇಂಗ್ಲಿಷ್.

ಸೋಮವಾರಪೇಟೆ ಏಲಕ್ಕಿ: ನಮ್ಮ ಮಗಳಿಗೆ 20 ವರ್ಷ, ಕನ್ನಡ ರೀಲೇ ನೋಡೋದು.

ಪೊನ್ನಂಪೇಟೆ ಜೇನು: ಅದು ನಿಮ್ಮ ಮನೆ ಕಥೆ. ನಮ್ಮ ಕಡೆ ಕೊಡವ ತಕ್ಕಲ್ಲಿ ಹಾಕಿದ್ರೇನೇ ಜನ ಶೇರ್ ಮಾಡೋದು.

ಸೋಮವಾರಪೇಟೆ ಏಲಕ್ಕಿ: ನಮಗೆ ಅರೆಭಾಷೆ. ಹೊರಗಿನ ಗಿರಾಕಿಗೆ ಎರಡೂ ಅರ್ಥ ಆಗಲ್ಲ. ಶೇರ್ ಆದ್ರೆ ಜೇನು ಮಾರಾಟ ಆಗುತ್ತಾ?

ಪೊನ್ನಂಪೇಟೆ ಜೇನು: ಏಲಕ್ಕಿ ಮಾರಾಟ ಆಗ್ತಿದೆಯಾ, ಹೇಳಿ ನೋಡೋಣ.

ದುಬೈ ಮಡಿಕೇರಿಯವರು: ಗಲ್ಫ್ ಫಾಲೋವರ್ಸ್ ಜಾಸ್ತಿ ಇದ್ದರೆ ಇಲ್ಲಿನ ಹೊತ್ತು ಹಿಡಿಯಬೇಕಾ, ಅಲ್ಲಿನದಾ? ನಾವು ಒಂದೂವರೆ ಗಂಟೆ ಹಿಂದೆ.

ಕುಶಾಲನಗರ ಬೇಕರಿ: ಮೇಡಂ, ಬೆಳಿಗ್ಗೆ 6ಕ್ಕೆ ಅಂತ ಇನ್ನೊಂದು ಫಾರ್ವರ್ಡ್ ಇದೆ.

ಮಾರ್ಕೆಟಿಂಗ್ ಮೇಡಂ: ಅದನ್ನು ಇಲ್ಲಿ ಹಾಕಬೇಡಿ. ಹೋಂಸ್ಟೇಯವರೇ, ಜುಲೈ ಕೊನೆಗೆ ಮೆಸೇಜ್ ಲೆಕ್ಕ ತನ್ನಿ, ಆಗ ಭಾಷೆ ಮಾತಾಡೋಣ. ಜೇನು, ಏಲಕ್ಕಿ, ನಿಮ್ಮಿಬ್ಬರ ಜಗಳ ಖಾಸಗಿಯಲ್ಲಿ.