ಅಪ್‌ಡೇಟ್: ‘ಎ ಗ್ರೇಡ್’ ಲ್ಯಾಪ್‌ಟಾಪ್ ಮನೆಗೆ ಬಂತು, ಬ್ಯಾಟರಿ ಬದಲಾದ ಮೇಲೆ

ನನ್ನ ಪ್ರಶ್ನೆ: ತಂಗಿಯ ಓದಿಗೆಂದು ದಾವಣಗೆರೆಯ ಅಂಗಡಿಯೊಂದರಲ್ಲಿ ರಿಫರ್ಬಿಶ್ಡ್ ಲ್ಯಾಪ್‌ಟಾಪ್ ನೋಡಿದ್ದೇನೆ. ಎ ಗ್ರೇಡ್, ಆರು ತಿಂಗಳ ವಾರಂಟಿ ಎನ್ನುತ್ತಾರೆ. ನಂಬಬಹುದೇ?

ಮೊದಲು ಬ್ಯಾಟರಿಯ ವರದಿ ನೋಡಿ ಎಂದು ನೀವು ಉತ್ತರಿಸಿದ್ದಿರಿ. ಅದರಂತೆ ಅಂಗಡಿಯಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪ್ ಮಾಡಿದೆ:

```
powercfg /batteryreport
```

ವರದಿಯಲ್ಲಿ DESIGN CAPACITY 50,000 mWh, FULL CHARGE CAPACITY 31,000 mWh ಎಂದಿತ್ತು. ಅಂದರೆ ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಬ್ಯಾಟರಿಗೆ ಉಳಿದಿದ್ದುದು ಶೇ 62 ಮಾತ್ರ. ಹೊರಮೈಯಲ್ಲಿ ಒಂದು ಗೀರೂ ಇರಲಿಲ್ಲ. ಅಂಗಡಿಯವರು ಗ್ರೇಡ್ ಕೊಟ್ಟದ್ದು ಆ ಹೊರಮೈಗೆ; ಬ್ಯಾಟರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ!

ವಾರಂಟಿ ಪತ್ರ ಕೇಳಿ ಓದಿದೆ. ಆರು ತಿಂಗಳು ನಿಜ, ಆದರೆ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ‘ಬ್ಯಾಟರಿ, ಚಾರ್ಜರ್ ಹೊರತುಪಡಿಸಿ’ ಎಂದಿತ್ತು. ವರದಿ ತೋರಿಸಿದಾಗ ಮಾಲೀಕರು ವಾದ ಮಾಡಲಿಲ್ಲ. ‘ಎರಡು ದಿನ ಕೊಡಿ, ಬೇರೆ ಬ್ಯಾಟರಿ ಹಾಕಿಸುತ್ತೇನೆ’ ಎಂದರು.

ಹೊಸ ಬ್ಯಾಟರಿಯ ವರದಿ ಚೆನ್ನಾಗಿಯೇ ಇತ್ತು. ಆದರೆ ಕಳಪೆ ಬ್ಯಾಟರಿಯ ಚಿಪ್ ಸುಳ್ಳು ಅಂಕಿ ಹೇಳಬಲ್ಲದು. ಆದ್ದರಿಂದ ಚಾರ್ಜರ್ ತೆಗೆದು, ಒಂದು ಗಂಟೆ ವಿಡಿಯೊ ಓಡಿಸುತ್ತಾ ಅಲ್ಲೇ ಕುಳಿತೆ. ಶೇ 100ರಿಂದ 81ಕ್ಕೆ ನಿಧಾನವಾಗಿ ಇಳಿಯಿತು. ಎಲ್ಲೂ ಏಕಾಏಕಿ ಕುಸಿಯಲಿಲ್ಲ. ಅಷ್ಟಾದ ಮೇಲೆಯೇ ಹಣ ಕೊಟ್ಟೆ.

ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆಯನ್ನೂ ‘ಬ್ಯಾಟರಿಗೆ ಮೂರು ತಿಂಗಳು’ ಎಂಬುದನ್ನೂ ಬರೆಸಿ, ಮುದ್ರೆ ಹಾಕಿಸಿಕೊಂಡಿದ್ದೇನೆ. ತಂಗಿ ಈಗ ಅದರಲ್ಲೇ ಓದುತ್ತಿದ್ದಾಳೆ. ಆ ಕಮಾಂಡ್ ಹೇಳಿಕೊಟ್ಟವರಿಗೆ ಮನಃಪೂರ್ವಕ ಧನ್ಯವಾದ.